ಮಳೆಗೆ ಹೆದರುವ ಮಕ್ಕಳು ಮಳೆ ಅಳೆದಾಗ

2024ರ ಮಳೆಗಾಲದಲ್ಲಿ ಬೋಧನಾಭ್ಯಾಸಕ್ಕೆಂದು ನಾನು ಹೋಗಿದ್ದು ಮಡಿಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ವಯನಾಡಿನ ಭೂಕುಸಿತದ ಸುದ್ದಿ ಎಲ್ಲರ ಬಾಯಲ್ಲಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ತೆಗೆಯುವಾಗ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ಜಾರಿ ಬಿತ್ತು. ಒಳಗೆ ಮನೆಮಂದಿಯ ಆಧಾರ್ ಕಾರ್ಡು, ರೇಷನ್ ಕಾರ್ಡು. ‘ಬರೆ ಜರಿದ್ರೆ ಇವಾದ್ರೂ ಉಳೀಲಿ ಅಂತ, ಮಿಸ್’ ಅಂದಳು. ಬರೆ ಅಂದರೆ ಅಲ್ಲಿಯವರ ಮಾತಿನಲ್ಲಿ ಗುಡ್ಡದ ಕಡಿದಾದ ಇಳಿಜಾರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಅವಳಿನ್ನೂ ಪುಟ್ಟ ಮಗು.

ಇಂಥ ಭಯ ಅವಳೊಬ್ಬಳದಲ್ಲ. ಭಾರತವೂ ಸೇರಿದಂತೆ 10 ದೇಶಗಳಲ್ಲಿ 16ರಿಂದ 25 ವರ್ಷದ 10,000 ಯುವಜನರನ್ನು ಮಾತಾಡಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಚಿಂತೆ ಇದೆ ಎಂದವರು ಶೇ. 59. ಸರ್ಕಾರಗಳು ಕೈಬಿಟ್ಟಿವೆ ಎಂಬ ನೋವೂ ಆ ಚಿಂತೆಗೆ ಅಂಟಿಕೊಂಡಿತ್ತು. ಶಿಕ್ಷಕರು ಗಮನಿಸಬೇಕಾದ್ದು ಇದನ್ನೇ: ಮಕ್ಕಳು ಹೆದರುವುದು ಪ್ರಕೃತಿಗೆ ಮಾತ್ರವಲ್ಲ, ದೊಡ್ಡವರು ಸುಮ್ಮನಿರುವುದಕ್ಕೂ ಹೆದರುತ್ತಾರೆ.

ಹಾಗಾಗಿ ‘ಏನೂ ಆಗಲ್ಲ, ಓದ್ಕೋ’ ಎಂಬ ಸಮಾಧಾನ ನನಗೆ ಸರಿಕಾಣದು. ಅದು ಮಗುವಿನ ಬಾಯಿ ಮುಚ್ಚಿಸುತ್ತದೆ, ಭಯ ಒಳಗೇ ಉಳಿಯುತ್ತದೆ. ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕದಿದ್ದರೆ ಮಕ್ಕಳು ಅದನ್ನೂ ಗಮನಿಸಿರುತ್ತಾರೆ.

ನಾವು ಮೊದಲು ಮಾತಿಗೆ ಜಾಗ ಕೊಟ್ಟೆವು. ಒಂದು ಪೀರಿಯಡ್ ಪೂರ್ತಿ ಮಕ್ಕಳು ತಂತಮ್ಮ ಮನೆಯ ಮಳೆಗಾಲದ ಕತೆ ಹೇಳಿದರು, ನಾನು ಬರೀ ಕೇಳಿದೆ. ಮರುದಿನ ವಿಜ್ಞಾನದ ಪಾಠ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದಿಡುತ್ತದೆ, ಆದ್ದರಿಂದ ಸುರಿದರೆ ಒಮ್ಮೆಗೇ ಸುರಿಯುತ್ತದೆ. ಆದರೆ ಗುಡ್ಡ ಜರಿಯಲು ಮಳೆಯೊಂದೇ ಕಾರಣವಲ್ಲ. ರಸ್ತೆಗೆ, ಮನೆಗೆ ಇಳಿಜಾರನ್ನು ನೆಟ್ಟಗೆ ಕಡಿದದ್ದೂ, ನೀರು ಹರಿಯುವ ದಾರಿ ಮುಚ್ಚಿದ್ದೂ ಸೇರಿಕೊಳ್ಳುತ್ತದೆ. ಇದನ್ನು ಕೇಳಿ ತರಗತಿ ಚುರುಕಾಯಿತು. ಭೂಮಿಯ ತಾಪ ಒಂದು ಶಾಲೆಯ ಕೈಯಲ್ಲಿಲ್ಲ. ಊರಿನ ಚರಂಡಿ, ಊರಿನ ಇಳಿಜಾರು ಊರಿನವರ ಕೈಯಲ್ಲೇ ಇವೆ.

ನೇರ ಬದಿಯ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ಆಲಿಕೆಯಂತೆ ಬೋರಲು ಕೂರಿಸಿ, ಪಕ್ಕಕ್ಕೆ ಸ್ಕೇಲು ಅಂಟಿಸಿ ಮಳೆಮಾಪಕ ಮಾಡಿದೆವು. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಓದುವುದು, 64.5 ಮಿ.ಮೀ. ದಾಟಿದರೆ ‘ಭಾರಿ ಮಳೆ’ ಎಂದು ಬೋರ್ಡಿನಲ್ಲಿ ಬರೆಯುವುದು. ಮುಚ್ಚಿಹೋದ ಮೋರಿಗಳ ನಕ್ಷೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಇಡುವುದೆಂದು ಮಕ್ಕಳೇ ತೀರ್ಮಾನಿಸಿದರು. ಅಲ್ಲಿ ದೊಡ್ಡವರು ಉತ್ತರ ಕೊಡಲೇಬೇಕು. ಕೊಡಿಸುವ ಹೊಣೆ ಶಾಲೆಯದು. ರಾತ್ರಿ ನಿದ್ದೆಯೇ ಬಾರದ ಮಗುವಿಗೆ ಇಷ್ಟು ಸಾಲದು. ಪೋಷಕರೊಡನೆ ಮಾತಾಡಬೇಕು, ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ತಿಳಿಸಬೇಕು.

ನಾನು ಹೊರಡುವ ಹೊತ್ತಿಗೆ ಬಾಟಲಿ ಓದುವ ಪಾಳಿ ಆ ಹುಡುಗಿಯದಾಗಿತ್ತು. ಕವರ್ ಇನ್ನೂ ಬ್ಯಾಗಿನಲ್ಲೇ ಇತ್ತು. ತೆಗೆದಿಡು ಎಂದು ನಾನು ಹೇಳಲಿಲ್ಲ. ಅದರ ಜೊತೆಗೆ ಈಗ ಮಳೆ ಲೆಕ್ಕದ ಪುಸ್ತಕವೂ ಇತ್ತು.