ಲಿಂಬಿ ತೋಟದಾಗ ಸಿಕ್ಕ ಓಟಿಪಿ

ಗಾಂಧಿ ಚೌಕದಲ್ಲಿ ನಮ್ಮ ಫೆಸ್ಟ್ ಪೋಸ್ಟರಿನ ಮುಂದೆ ನಿಂತು ಇಬ್ಬರು ಹುಡುಗರು ಕ್ಯೂಆರ್ ಸ್ಕ್ಯಾನ್ ಮಾಡಿದರು. "ಏನೂ ಬರವಲ್ತಲೇ" ಅಂದು ಚಹಾದಂಗಡಿ ಕಡೆ ಹೋದರು. ನಾನು ಪಕ್ಕದಲ್ಲೇ ಅಂಟಿನ ಡಬ್ಬಿ ಹಿಡಿದು ನಿಂತಿದ್ದೆ. ಫೆಸ್ಟಿಗೆ ಮೂರೇ ದಿನ.

ಹಾಸ್ಟೆಲಿಗೆ ಓಡಿಬಂದು ನೋಡಿದರೆ ಸರ್ವರ್ ಗಟ್ಟಿಮುಟ್ಟಾಗಿತ್ತು. ಸೈಟಿನ ವಿಳಾಸ ಯಾರ ಹೆಸರಲ್ಲಿದೆ ಅಂತ ನೋಡಲು `whois` ಹಾಕಿದೆ. ಮಾಲೀಕರ ಹೆಸರು ಮುಚ್ಚಿತ್ತು, ಕೆಳಗೆ ಒಂದು ಸಾಲು:

```
Domain Status: clientHold
```

ಅಂದರೆ ಸೈಟಿನ ವಿಳಾಸವನ್ನೇ ತಡೆಹಿಡಿದಿದ್ದರು. ಡೊಮೇನಿನ ಅವಧಿ ಮುಗಿದಿತ್ತು. ಮೂರು ವರ್ಷದ ಹಿಂದೆ ಅದನ್ನು ಕೊಂಡವನು ಬಸು ಅಣ್ಣ. ಕ್ಲಬ್ಬಿಗೆ ಕಾರ್ಡ್ ಇಲ್ಲ ಅಂತ ತನ್ನದೇ ಖಾತೆಯಲ್ಲಿ, ಕಾಲೇಜ್ ಮೇಲ್ ಕೊಟ್ಟು. ಪಾಸಾದ ಮೇಲೆ ಕಾಲೇಜು ಆ ಮೇಲ್ ಮುಚ್ಚಿತು. ನೆನಪೋಲೆಗಳೆಲ್ಲ ಅಲ್ಲಿಗೇ ಹೋಗಿದ್ದವು. ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಅಲ್ಲಿಗೇ ಹೋಗಬೇಕು.

ಪುಣೆಯಲ್ಲಿದ್ದ ಅಣ್ಣನಿಗೆ ಫೋನ್ ಹಚ್ಚಿದೆ. "ಮೊಬೈಲಿಗೆ ಓಟಿಪಿ ತರಿಸಬಹುದು. ಆದ್ರ ಆ ಸಿಮ್ ಈಗ ಅವ್ವನ ಫೋನಿನ್ಯಾಗ ಐತಿ. ನಾ ಮೀಟಿಂಗಿನ್ಯಾಗ ಅದೀನಿ, ನೀನs ಕೇಳಿ ಹಾಕು" ಅಂದು ಇಟ್ಟುಬಿಟ್ಟ.

ಇಂಡಿ ಹತ್ತಿರದ ಹಳ್ಳಿ. ಆಕೆ ಲಿಂಬಿ ತೋಟದಲ್ಲಿದ್ದರು, ಹಿಂದೆ ಹಣ್ಣು ಚೀಲಕ್ಕೆ ಬೀಳುವ ಸಪ್ಪಳ.

"ಅವ್ವಾರ, ನಾ ಬಸು ಅಣ್ಣನ ಕಾಲೇಜಿನಾಂವ್ರಿ. ಈಗ ಆರು ಅಂಕಿ ಬಂದಾವಲ್ರಿ, ಅವನ್ನ ಸ್ವಲ್ಪ ಹೇಳ್ರಿ."

"ಬಂದಾವಪಾ."

"ಹೇಳ್ರಿ."

"ಹೇಳಂಗಿಲ್ಲ ತಮ್ಮಾ. ಓಟಿಪಿ ಯಾರ್ ಕೇಳಿದ್ರೂ ಹೇಳಬ್ಯಾಡಂತ ನನ್ನ ಮಗಾನs ಹೇಳ್ಯಾನ."

ಕಾಲೇಜಿನ ಹೆಸರು ಹೇಳಿದೆ, ಅಣ್ಣನ ರೂಮ್ ನಂಬರ್ ಹೇಳಿದೆ, ಫೆಸ್ಟಿನ ಕಥೆ ಪೂರ್ತಿ ಹೇಳಿದೆ. "ಹೋದ ತಿಂಗಳ ಬ್ಯಾಂಕಿನಾಂವ ಅಂತ ಒಬ್ಬಾಂವ ಇದಕಿಂತ ಚೊಲೋ ಮಾತಾಡಿದ್ದ" ಅಂದರು. ಹತ್ತು ನಿಮಿಷ ಕಳೆದು ಓಟಿಪಿ ಸತ್ತಿತು. ಸಿಟ್ಟು ಬಂದರೂ ಯಾರ ಮೇಲೆ ತೋರಿಸಲಿ? ತಪ್ಪಿದ್ದರೆ ನಮ್ಮದೇ, ಮೂರು ಬ್ಯಾಚ್ ಸೈಟಿನ ಬಣ್ಣ ಬದಲಿಸಿತ್ತು, ಖಾತೆ ಯಾರದು ಅಂತ ಯಾರೂ ಕೇಳಿರಲಿಲ್ಲ.

ಸಂಜೆ ಅಣ್ಣ ಮೀಟಿಂಗ್ ಬಿಟ್ಟು ಮೂವರನ್ನೂ ಒಂದೇ ಕಾಲ್‌ಗೆ ಸೇರಿಸಿದ. ನಾನು ಹೊಸ ಓಟಿಪಿ ತರಿಸಿದೆ.

"ಯವ್ವಾ, ಹೇಳು."

"ನೀನs ಅದಿಯೇನು? ನಮ್ಮ ಕರಿ ಎಮ್ಮಿ ಯಾವಾಗ ಈದೈತಿ?"

"ದೀಪಾವಳಿ ಮರುದಿನ, ಯವ್ವಾ. ಈ ಹುಡುಗನ ಮುಂದ..."

ಆಗ ಅಂಕಿಗಳು ಬಂದವು, ಒಂದೊಂದಾಗಿ, ಚೀಲಕ್ಕೆ ಹಣ್ಣು ಎಣಿಸಿ ಹಾಕಿದಂತೆ.

ಅವಧಿ ಮುಗಿದು ಹನ್ನೆರಡೇ ದಿನವಾಗಿದ್ದರಿಂದ ಮಾಮೂಲಿ ನವೀಕರಣ ಶುಲ್ಕದಲ್ಲೇ ಮುಗಿಯಿತು. ಇನ್ನೂ ತಡವಾಗಿದ್ದರೆ ಬಿಡಿಸಿಕೊಳ್ಳಲು ಬೇರೆ ದಂಡ. ರಾತ್ರಿ ಹತ್ತಕ್ಕೆ ಸೈಟ್ ಎದ್ದಿತು. ಹೊಸ ಖಾತೆಯ ಅರ್ಜಿಯಲ್ಲಿ ಮೇಲ್ ಕೇಳಿದಾಗ ಕೈ ತಾನಾಗಿ ನನ್ನ ಹೆಸರನ್ನೇ ಟೈಪ್ ಮಾಡಿತು. ಅಳಿಸಿ ವಿಭಾಗದ ಮೇಲ್ ಹಾಕಿದೆ.

ಅಷ್ಟರಲ್ಲಿ ಇಂಡಿಯಿಂದ ಫೋನ್. "ತಮ್ಮಾ, ನಿಮ್ಮ ಜಾತ್ರಿಗೆ ಎರಡು ಚೀಲ ಲಿಂಬಿಹಣ್ಣು ಕಳಿಸ್ಲೇನು?"