ಫೀಸು ಕಟ್ಟಿದ ದುಡ್ಡು ಎಲ್ಲಿ ಹೋಯಿತು ಅಕ್ಕಾ!

ತಮ್ಮ, ಸಂಜೆ 5:42
ಪರಕತಚಟಪರಕತಚಚಚಟಟಪಪರರಕಕತತ!!!!!!

ತಮ್ಮ, 5:42
ಅಕ್ಕಾಾಾಾಾ ಫೇಲ್!!! ಕತಚಪರಟಟಟಟಟಟ

ತಮ್ಮ, 5:44
ದುಡ್ಡು ಕಟ್ಟಾಗಿದೆ. 1,860 ರೂಪಾಯಿ. ಬ್ಯಾಂಕಿನ ಮೆಸೇಜು ಬಂದಿದೆ. ಪರೀಕ್ಷೆ ಫೀಸಿನ ಪುಟದಲ್ಲಿ ಮಾತ್ರ ‘ಪೇಮೆಂಟ್ ಫೇಲ್ಡ್’ ಅಂತ ಕೆಂಪು ಅಕ್ಷರ. ಬೆಳಿಗ್ಗೆಯಿಂದ ಆ ಪುಟ ಓಪನ್ ಆಗುವುದಿಲ್ಲ. ಈಗ ಆಯಿತು ಅನ್ನುವಾಗ ಹೀಗೆ. ಇವತ್ತೇ ಕೊನೇ ದಿನ! ನಾಳೆಯಿಂದ ಫೈನ್!

ತಮ್ಮ, 5:45
ಸಹಾಯದ ನಂಬರಿಗೆ ಫೋನ್ ಮಾಡಿದೆ. ಅವರು ಮಲಯಾಳದಲ್ಲಿ ಪಟಪಟ ಹೇಳಿ ಇಟ್ಟರು. ಅರ್ಧ ಅರ್ಥ ಆಗಲಿಲ್ಲ. ಅದು ಅಪ್ಪ ಅಡಿಕೆ ಕೊಟ್ಟು ತಂದ ದುಡ್ಡು ಅಕ್ಕಾ. ಅಪ್ಪನಿಗೆ ಎಂತ ಹೇಳಲಿ? ಪರರಕಕತತಚ್್್್

ಅಕ್ಕ, 5:53
ಎಲ್ಲ ಓದಿದೆ. ಅರ್ಥ ಇಲ್ಲದ ಸಾಲುಗಳನ್ನೂ.

ಸಿಟ್ಟು ಬಾರದೆ ಇರುತ್ತದಾ? ದುಡ್ಡು ಇಲ್ಲಿಂದ ಹೋಗಿದೆ, ಅಲ್ಲಿ ಸಿಕ್ಕಿಲ್ಲ ಅನ್ನುತ್ತಾರೆ, ಕೇಳಿದರೆ ಸರಿಯಾಗಿ ಉತ್ತರ ಇಲ್ಲ. ಅದರ ಮೇಲೆ ಕೊನೇ ದಿನ. ಅಪ್ಪನ ದುಡ್ಡು ಅಂತ ನಿನಗೆ ಇನ್ನೂ ಜಾಸ್ತಿ ಸಂಕಟ ಆಗಿದೆ, ಅದು ನನಗೆ ಗೊತ್ತುಂಟು. ಸಮಾಧಾನ ಮಾಡ್ಕೋ ಅಂತ ನಾನು ಹೇಳುವುದಿಲ್ಲ. ಇನ್ನೂ ಬೈಯಬೇಕು ಅನ್ನಿಸಿದರೆ ಇಲ್ಲೇ ಬರಿ.

ಒಂದು ಮಾತು ಮೊದಲು ಹೇಳಿಬಿಡುತ್ತೇನೆ. ದುಡ್ಡು ಮುಳುಗಿಲ್ಲ. ನಾನು ಕೌಂಟರಿನಲ್ಲಿ ಕೂತು ಇಂಥದ್ದನ್ನು ದಿನಾ ನೋಡುತ್ತೇನೆ.

ಅಕ್ಕ, 5:58
ಆಗಿರುವುದು ಇಷ್ಟು. ಅಪ್ಪನ ಖಾತೆಯಿಂದ ದುಡ್ಡು ಹೊರಟಿದೆ. ‘ಸಿಕ್ಕಿತು’ ಅನ್ನುವ ಉತ್ತರ ಫೀಸಿನ ಪುಟಕ್ಕೆ ಸಮಯಕ್ಕೆ ತಲುಪಿಲ್ಲ. ಪುಟ ಕಾದು ಕಾದು ಫೇಲ್ ಅಂತ ಬರೆದುಬಿಟ್ಟಿದೆ. ಕೊನೇ ದಿನ ಎಲ್ಲರೂ ಒಟ್ಟಿಗೆ ಕಟ್ಟುವಾಗ ಹೀಗಾಗುವುದು ಉಂಟು.

ಇದಕ್ಕೆ ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆ. ಅಂಗಡಿಗೋ ಫೀಸಿಗೋ ಯುಪಿಐಯಲ್ಲಿ ಕೊಟ್ಟ ದುಡ್ಡು ಕಟ್ಟಾಗಿ, ಆ ಕಡೆಗೆ ಸಿಕ್ಕಿದ್ದು ಖಾತ್ರಿ ಆಗದಿದ್ದರೆ, ಆ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸು ಬರಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ನಾವು ಕೇಳದಿದ್ದರೂ ಕೊಡಬೇಕು.

ತಮ್ಮ, 6:01
5 ದಿನಾ?? ಫೀಸು ಇವತ್ತೇ ಅಲ್ವಾ!

ಅಕ್ಕ, 6:04
ಹೌದು, ಅದು ಬೇರೆ ವಿಷಯ. ಪುಟ ರಾತ್ರಿ 12ರವರೆಗೆ ತೆರೆದಿರುತ್ತದೆ ಅಂತ ನೀನೇ ನಿನ್ನೆ ಹೇಳಿದ್ದೆ. ಈಗಲೇ ಇನ್ನೊಮ್ಮೆ ಕಟ್ಟಬೇಡ. ಕೆಲವು ಸಲ ಸ್ವಲ್ಪ ಹೊತ್ತಾದ ಮೇಲೆ ಫೇಲ್ ಇದ್ದದ್ದು ಸಕ್ಸಸ್ ಆಗುತ್ತದೆ. ಆಗ ಎರಡು ಸಲ ಕಟ್ಟಿದ ಹಾಗೆ. ಹೆಚ್ಚಾದದ್ದನ್ನು ಅವರ ಆಫೀಸಿನಿಂದ ವಾಪಸು ಪಡೆಯುವುದು ಉದ್ದದ ಕೆಲಸ. 8 ಗಂಟೆಗೆ ಲಾಗಿನ್ ಆಗಿ ನೋಡು. ಆಗಲೂ ಕೆಂಪು ಅಕ್ಷರವೇ ಇದ್ದರೆ ನನ್ನ ಖಾತೆಯಿಂದ ಕಟ್ಟೋಣ. ಅಪ್ಪನ ದುಡ್ಡು ಬಂದ ಮೇಲೆ ನನಗೆ ಕೊಟ್ಟರೆ ಸಾಕು.

ಈಗ ಆ ಕೆಂಪು ಅಕ್ಷರದ ಪುಟದ ಸ್ಕ್ರೀನ್‌ಶಾಟ್ ತೆಗೆ. ಆ್ಯಪಿನಲ್ಲಿ ಆ ಪೇಮೆಂಟು ಒತ್ತಿದರೆ 12 ಅಂಕೆಯ ಯುಟಿಆರ್ ನಂಬರ್ ಉಂಟು, ಅದನ್ನೂ ತೆಗೆ. ಹುಡುಕಲಿಕ್ಕೆ ಬ್ಯಾಂಕಿನವರಿಗೆ ಬೇಕಾದ್ದು ಆ ನಂಬರು.

ತಮ್ಮ, 6:09
ತೆಗೆದೆ. ಗೂಗಲಿನಲ್ಲಿ ಇನ್ನೊಂದು ಕಸ್ಟಮರ್ ಕೇರ್ ನಂಬರ್ ಸಿಕ್ಕಿದೆ. ‘ಕೂಡಲೇ ರಿಫಂಡ್’ ಅಂತ ಹಾಕಿದ್ದಾರೆ. ಮಾಡಲಾ?

ಅಕ್ಕ, 6:09
ಬೇಡ ಬೇಡ ಬೇಡ. ಅಂಥ ನಂಬರಿಗೆ ಯಾವತ್ತೂ ಮಾಡಬೇಡ. ಇಂಥ ಹೊತ್ತಿಗೇ ಕಳ್ಳರು ಕಾಯುವುದು. ವಾಪಸು ಬರುವ ದುಡ್ಡಿಗೆ ಪಿನ್ ಹಾಕುವ ಕೆಲಸ ಇಲ್ಲ. ಯಾರು ಕೇಳಿದರೂ ಕೊಡಬೇಡ. ದೂರು ಆ್ಯಪಿನ ಒಳಗೇ ಕೊಡಲಿಕ್ಕೆ ಆಗುತ್ತದೆ, ಆ ಪೇಮೆಂಟಿನ ಕೆಳಗೆ.

ತಮ್ಮ, 6:16
ಸರಿ, ಮಾಡಲಿಲ್ಲ. ಆ್ಯಪಿನಲ್ಲೇ ದೂರು ಕೊಟ್ಟೆ. ಬ್ಯಾಂಕಿನವರು ಕೇಳದಿದ್ದರೆ? ಪುನಃ ಮಲಯಾಳವಾ?

ಅಕ್ಕ, 6:20
ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಸರಿಯಾಗದಿದ್ದರೆ ಇಂಥ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ನಲ್ಲಿ. ಕೇಳಿ ತಿಳಿಯಲಿಕ್ಕೆ 14448 ಉಂಟು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಾಸರಗೋಡಿನವರು ಅಂತ ನಾವು ಭಾಷೆಗೆ ಹೆದರಿ ದುಡ್ಡು ಬಿಡಬೇಕಾಗಿಲ್ಲ. ಅಲ್ಲಿಯವರೆಗೆ ಹೋಗುವ ಕೆಲಸ ಬರಲಿಕ್ಕಿಲ್ಲ ಅಂತಲೇ ನನ್ನ ಲೆಕ್ಕ.

ಅಪ್ಪನಿಗೆ ನಾನು ಹೇಳುತ್ತೇನೆ. ನಿನ್ನ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ.

ತಮ್ಮ, 6:22
ಅಪ್ಪ ಈಗ ತೋಟದಲ್ಲಿ. ಏಳಕ್ಕೆ ಫೋನ್ ಮಾಡು. ನೀನೇ ಮೊದಲು ಹೇಳು ಅಕ್ಕಾ, ಪ್ಲೀಸ್.

ಅಕ್ಕ, 6:23
ಮಾಡ್ತೇನೆ. ನೀನು ಅಷ್ಟರಲ್ಲಿ ಊಟಕ್ಕೋ ಕಾಫಿಗೋ ಏಳು. ಮಧ್ಯಾಹ್ನ ಉಂಡಿಲ್ಲ ಅಂತ ಅಮ್ಮ ಹೇಳಿದರು.

ತಮ್ಮ, 8:03
ಅಕ್ಕಾ ಇನ್ನೂ ಫೇಲ್ ಅಂತಲೇ ಉಂಟು.

ಅಕ್ಕ, 8:04
ಸರಿ. ಪೇಮೆಂಟಿನ ಪುಟಕ್ಕೆ ಹೋಗಿ ಕ್ಯೂಆರ್ ಬಂದ ಕೂಡಲೇ ಫೋಟೋ ಕಳಿಸು. ಅದಕ್ಕೆ ಸ್ವಲ್ಪವೇ ಹೊತ್ತಿನ ಗಡುವು. ನಾನು ಫೋನ್ ಹಿಡಿದು ಕೂತಿದ್ದೇನೆ.

ತಮ್ಮ, 8:11
ಆಯ್ತು ಆಯ್ತು ಆಯ್ತು!! ರಸೀದಿ ಬಂತು!!! ಪರಕತಚಚಚಟಟ!!!