ಸಾವಿತ್ರಕ್ಕನಿಗೆ: ಮಂಗಳವಾರ ಸಾಗರಕ್ಕೆ ಹೋಗಿ ಬನ್ನಿ

ಸಾವಿತ್ರಕ್ಕನಿಗೆ ನಮಸ್ಕಾರಗಳು.

ನಿನ್ನೆ ಮಂಗಳಾರತಿಯಾದ ಮೇಲೆ ನೀವು ಕೇಳಿದ್ದಕ್ಕೆ ಅಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ತೀರ್ಥಕ್ಕೆ ಜನ ಸಾಲಾಗಿ ನಿಂತಿದ್ದರು, ಹತ್ತು ಕಿವಿಗಳ ಎದುರು ಆಡುವ ಮಾತೂ ಅದಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಕಣ್ಣು ಸೋತರೆ ಸುಮಾ ಫೋನ್ ಮಾಡಿದಾಗ ಅವಳಿಗೇ ಕಳಿಸಿ, ಓದಿಸಿಕೊಳ್ಳಿ. ಅವಳಿಗೆ ತಿಳಿಯಬಾರದ್ದು ಇದರಲ್ಲಿ ಏನೂ ಇಲ್ಲ.

ಮೊದಲು ನೀವು ಕೇಳಿದ ಪ್ರಶ್ನೆ. ಮಂಜುವಿಗಾಗಿ ಇನ್ನೇನಾದರೂ ಮಾಡಿಸುವುದು ಉಳಿದಿದೆಯೇ, ಕುಕ್ಕೆಗೆ ಹೋಗಬೇಕೇ, ಇನ್ನೊಂದು ಮೃತ್ಯುಂಜಯ ಹೋಮ ಮಾಡಿಸಬೇಕೇ ಎಂದಿರಿ. ಬೇಡ ಅಕ್ಕ. ಸಪಿಂಡೀಕರಣ ಆಗಿದೆ, ವೈಕುಂಠ ಸಮಾರಾಧನೆ ಆಗಿದೆ, ಅಪಘಾತದ ಸಾವು ಎಂದು ಗೋಕರ್ಣದಲ್ಲಿ ನಾರಾಯಣಬಲಿಯೂ ಆಗಿದೆ, ಮಾಸಿಕಗಳು ಒಂದೂ ತಪ್ಪಿಲ್ಲ. ಮಾರ್ಗಶಿರದಲ್ಲಿ ವರ್ಷಾಂತಿಕ ಬರುತ್ತದೆ, ಅದನ್ನು ನಾನೇ ನಿಂತು ಮಾಡಿಸುತ್ತೇನೆ. ಸಮಾಧಾನಕ್ಕಾಗಿ ಈ ಮಾತು ಹೇಳುತ್ತಿಲ್ಲ. ಪೌರೋಹಿತ್ಯ ಮಾಡುವವನಾಗಿ ಹೇಳುತ್ತಿದ್ದೇನೆ: ಮಗನ ವಿಷಯದಲ್ಲಿ ನಿಮ್ಮಿಂದ ಬಾಕಿ ಎನ್ನುವುದು ಇಲ್ಲ. ಯಾರಾದರೂ ಕವಡೆ ಹಾಕಿ ಇನ್ನೊಂದು ದೋಷ ಹುಡುಕಿದರೆ ಅವರನ್ನು ನನ್ನ ಬಳಿ ಕಳಿಸಿ, ನಾನು ಮಾತಾಡಿಕೊಳ್ಳುತ್ತೇನೆ.

ಆದರೆ ನಿಮ್ಮ ವಿಷಯದಲ್ಲಿ ಬಾಕಿ ಇದೆ. ಅದನ್ನು ಹೇಳದೆ ಸುಮ್ಮನಿದ್ದರೆ ತಪ್ಪಾಗುತ್ತದೆ.

ನಾನು ಬೀಗ ತೆಗೆಯಲು ಬರುವ ಮೊದಲೇ, ಕತ್ತಲಿರುವಾಗಲೇ, ನೀವು ಮೆಟ್ಟಿಲ ಮೇಲೆ ಕುಳಿತಿರುತ್ತೀರಿ. ಕೊಟ್ಟ ಪ್ರಸಾದ ಸೆರಗಿನ ಗಂಟಿನಲ್ಲೇ ಉಳಿದು, ಹೋಗುವಾಗ ದಾರಿಯ ಹಸುವಿನ ಬಾಯಿಗೆ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ್ದೀರಿ. ಕೆರೆಯ ಏರಿಯ ಮೇಲೆ ಯಾರದ್ದೇ ಬೈಕ್ ಸದ್ದಾದರೂ ಪ್ರದಕ್ಷಿಣೆಯ ನಡುವೆ ನಿಂತುಬಿಡುತ್ತೀರಿ. ರಾತ್ರಿ ಎರಡಕ್ಕೆ ಎಚ್ಚರವಾಗಿ ಎದೆ ಡವಡವ ಎನ್ನುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಆಮೇಲೆ ನಿದ್ದೆಯಿಲ್ಲ ಎಂದು ನೀವೇ ಹೇಳಿದ್ದೀರಿ.

ಮಗನನ್ನು ಕಳೆದುಕೊಂಡವರು ಅಳಬಾರದು, ಬೇಗ ಮರೆಯಬೇಕು ಎಂದು ನಾನು ಹೇಳುವವನಲ್ಲ. ಆ ದುಃಖಕ್ಕೆ ಗಡುವು ಇಲ್ಲ, ಅದೊಂದು ರೋಗವೂ ಅಲ್ಲ. ಆದರೆ ಊಟ, ನಿದ್ದೆ ತಿಂಗಳುಗಟ್ಟಲೆ ತಪ್ಪಿ, ಎದೆಬಡಿತ ಹೆಚ್ಚಿದರೆ ಅದನ್ನು ಒಬ್ಬ ವೈದ್ಯರು ನೋಡಬೇಕು. ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಎದೆ ಹಾಗೆ ಬಡಿಯುತ್ತದೆಯಂತೆ. ದುಃಖವೇ ಹೆಪ್ಪುಗಟ್ಟಿ ಖಿನ್ನತೆಯಾಗಿದ್ದರೂ ಆಗಿರಬಹುದು. ಯಾವುದೆಂದು ಹೇಳಲು ನನಗೆ ಬಾರದು. ನಾಡಿ ಹಿಡಿಯದೆ ಪಂಚಾಂಗ ನೋಡಿ ಕಾರಣ ಹೇಳಿದರೆ ಅದು ನಿಮಗೆ ಮಾಡುವ ಮೋಸ.

ದೇವಸ್ಥಾನಕ್ಕೆ ಬರುವುದು ಕಡಿಮೆ ಮಾಡಿ ಎಂದು ಇದರ ಅರ್ಥವಲ್ಲ. ಭಟ್ಟರು ಕೈತೊಳೆದುಕೊಂಡರು ಎಂದಂತೂ ಅಂದುಕೊಳ್ಳಲೇಬೇಡಿ. ಬಾಗಿಲು ತೆಗೆಯುವಾಗ ನೀವಿಲ್ಲದಿದ್ದರೆ ನನಗೇ ಕಸಿವಿಸಿಯಾಗುತ್ತದೆ. ಇಲ್ಲಿಗೂ ಬನ್ನಿ, ಅಲ್ಲಿಗೂ ಹೋಗಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ.

‘ವೈದ್ಯೋ ನಾರಾಯಣೋ ಹರಿಃ’ ಎಂದು ನೀವೇ ಒಮ್ಮೆ ನನಗೆ ಹೇಳಿದಿರಿ, ಆ ವೈದ್ಯನಿರುವಾಗ ಬೇರೆ ವೈದ್ಯರು ಯಾಕೆ ಎಂದು. ಶ್ಲೋಕ ಸರಿ. ಆದರೆ ಅದೇ ಹರಿ ಅಮೃತಕಲಶ ಹಿಡಿದು ಧನ್ವಂತರಿಯಾಗಿ ಬಂದ ಎಂದು ಓದುತ್ತೇವೆ, ಆಯುರ್ವೇದಕ್ಕೆ ಅವನೇ ಮೂಲ ಎನ್ನುತ್ತೇವೆ. ಔಷಧವನ್ನು ಬೇಡವೆನ್ನಲು ಆ ಹೆಸರನ್ನು ಬಳಸುವುದು ಸರಿ ಕಾಣುವುದಿಲ್ಲ. ನಾನಂತೂ ರಕ್ತದೊತ್ತಡದ ಮಾತ್ರೆ ನುಂಗಿಯೇ ಗರ್ಭಗುಡಿಗೆ ಹೋಗುವವನು. ಈಶ್ವರ ಇದುವರೆಗೆ ಆಕ್ಷೇಪಿಸಿಲ್ಲ.

ಭಕ್ತಿ ಸಾಲದ್ದಕ್ಕೇ ಹೀಗಾಗುತ್ತಿದೆ ಎಂಬ ಅಳುಕು ನಿಮಗಿದೆ. ಮಹಾಭಾರತದ ಆದಿಪರ್ವದಲ್ಲಿ ವಸಿಷ್ಠರ ಕಥೆ ಬರುತ್ತದೆ. ನೂರು ಮಕ್ಕಳನ್ನು ಕಳೆದುಕೊಂಡಾಗ ಆ ಬ್ರಹ್ಮರ್ಷಿಗೂ ಬದುಕು ಬೇಡವಾಯಿತು. ನದಿಗಳೇ ಅವರನ್ನು ದಡಕ್ಕೆ ಮರಳಿಸಿದವು. ಮುಂದೆ ಸೊಸೆಯ ಹೊಟ್ಟೆಯಲ್ಲಿದ್ದ ಮೊಮ್ಮಗನ ವೇದಘೋಷ ಕೇಳಿ ಅವರು ಆಶ್ರಮಕ್ಕೆ ಹಿಂತಿರುಗಿದರು. ವಸಿಷ್ಠರಿಗೆ ಭಕ್ತಿ ಕಡಿಮೆಯಿತ್ತು ಎನ್ನುವವರು ಯಾರು?

ಈ ಕಥೆ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ‘ಅವನ ಹಿಂದೆ ನಾನೂ ಹೋದರೆ ಸಾಕಿತ್ತು’ ಎಂದು ನೀವು ಎರಡು ಸಲ ಅಂದದ್ದು ನನ್ನ ಕಿವಿಗೆ ಬಿದ್ದಿದೆ. ನೇರವಾಗಿಯೇ ಕೇಳುತ್ತೇನೆ, ಬೇಸರಿಸಬೇಡಿ: ನೋವಿಗೆ ಬಂದ ಮಾತೇ ಅದು, ಅಥವಾ ಜೀವ ತೆಗೆದುಕೊಳ್ಳುವ ಯೋಚನೆಯೂ ಬರುತ್ತಿದೆಯೇ? ಬರುತ್ತಿದ್ದರೆ ನಾಚಿಕೆ ಪಡಬೇಡಿ, ಮುಚ್ಚಿಡಬೇಡಿ, ಮಂಗಳವಾರದವರೆಗೆ ಕಾಯಲೂ ಬೇಡಿ. ಆ ಹೊತ್ತಿನಲ್ಲಿ ಒಬ್ಬರೇ ಇರದೆ ಭಾವನವರನ್ನು ಎಬ್ಬಿಸಿ. ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ, ತಕ್ಷಣ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ‘ಟೆಲಿ ಮಾನಸ್’ ಎಂಬ ಸರ್ಕಾರದ ಸಹಾಯವಾಣಿಯೂ ಇದೆ, 14416. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಅಂಥ ಯೋಚನೆ ಇಲ್ಲದಿದ್ದರೂ, ನಿದ್ದೆ ಬಾರದ ರಾತ್ರಿ ಯಾರ ಬಳಿಯಾದರೂ ಮಾತಾಡಬೇಕು ಅನಿಸಿದರೆ ಆ ಸಂಖ್ಯೆ ಒತ್ತಬಹುದು.

ಇನ್ನು ಮಂಗಳವಾರದ ವಿಷಯ. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ತಾಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಸಾಗರಕ್ಕೆ ಈ ವಾರ ಬರುತ್ತಾರೆಂದು ವಿಚಾರಿಸಿಕೊಂಡಿದ್ದೇನೆ. ಮನೋವೈದ್ಯರು ಎಂದ ಕೂಡಲೇ ‘ಸಾವಿತ್ರಿಗೆ ತಲೆ ಕೆಟ್ಟಿದೆ’ ಎಂದು ಊರು ಆಡಿಕೊಳ್ಳುತ್ತದೆ ಎಂಬ ಭಯ ನಿಮಗಿರಬಹುದು. ನಮ್ಮ ಊರಿನ ಬಾಯಿ ನನಗೂ ಗೊತ್ತು. ನಮ್ಮ ಮನೆಯವಳು ಮಂಡಿನೋವಿಗೆ ತೋರಿಸಲು ಹೇಗೂ ಹೋಗಬೇಕು, ಅವಳ ಜೊತೆಗೆ ಹೊರಟರೆ ಯಾರೂ ಏನೂ ಕೇಳುವುದಿಲ್ಲ. ಒಳಗೆ ಏನು ಮಾತಾಡಿದಿರಿ ಎಂದು ಅವಳೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ.

ವೈದ್ಯರು ಮಾಡುವುದು ಬಹಳವೇನಿಲ್ಲ. ನಿದ್ದೆ, ಊಟ, ಎದೆಬಡಿತದ ವಿಷಯ ಕೇಳುತ್ತಾರೆ, ರಕ್ತಪರೀಕ್ಷೆ ಬರೆದುಕೊಡಬಹುದು, ಆಪ್ತಸಮಾಲೋಚಕರ ಜೊತೆ ಕೂರಿಸಿ ಮಾತಾಡಿಸಬಹುದು. ಮಾತ್ರೆ ಕೊಟ್ಟರೆ ಒಂದು ಮಾತು ನೆನಪಿಡಿ: ಖಿನ್ನತೆಯ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅಂದೇ ಗುಣ ತೋರಿಸುವುದಿಲ್ಲ, ಕೆಲವು ವಾರ ಬೇಕು. ಎರಡು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ, ಸ್ವಲ್ಪ ಹಗುರವಾಯಿತೆಂದು ಅವರನ್ನು ಕೇಳದೆ ನಿಲ್ಲಿಸಲೂ ಬೇಡಿ. ಸೋಮವಾರದ ಉಪವಾಸವನ್ನು ಸದ್ಯಕ್ಕೆ ಕೈಬಿಡಿ. ವ್ರತಭಂಗವೆಂಬ ಅಳುಕಿದ್ದರೆ ಆ ಜವಾಬ್ದಾರಿ ನನ್ನದು, ದೇವರ ಮುಂದೆ ಪ್ರಾರ್ಥನೆ ನಾನು ಮಾಡಿಕೊಳ್ಳುತ್ತೇನೆ. ಔಷಧಿ ಅಂಗಡಿಯವನು ಚೀಟಿಯಿಲ್ಲದೆ ಕೊಟ್ಟ ನಿದ್ದೆ ಮಾತ್ರೆ ಇದೆಯೆಂದಿದ್ದಿರಿ. ಅದನ್ನೂ ಆಧಾರ್ ಕಾರ್ಡ್ ಜೊತೆ ಚೀಲದಲ್ಲಿ ಹಾಕಿಕೊಳ್ಳಿ, ವೈದ್ಯರಿಗೆ ತೋರಿಸಿ.

ಭಾವನವರೂ ಬರಲಿ. ತೋಟಕ್ಕೆ ಹೋದರೆ ಕತ್ತಲಾಗುವವರೆಗೆ ಮನೆಗೆ ಬರುವುದಿಲ್ಲ, ಯಾರ ಜೊತೆಗೂ ಮಾತಿಲ್ಲ ಎಂದಿರಿ. ಗಂಡಸರು ಅಳದಿದ್ದ ಮಾತ್ರಕ್ಕೆ ಏನೂ ಆಗಿಲ್ಲ ಎಂದಲ್ಲ. ಅವರಿಗೆ ನಾನೇ ಹೇಳುತ್ತೇನೆ.

ಅರ್ಚನೆಗೆ ನೀವು ಸುಮಾಳ ಹೆಸರು, ಮೊಮ್ಮಗನ ಹೆಸರು ಹೇಳಿಸುತ್ತೀರಿ, ನಿಮ್ಮದನ್ನು ಬಿಟ್ಟು. ಮಂಗಳವಾರ ನಿಮ್ಮ ಹೆಸರಿನಲ್ಲಿ, ನಿಮ್ಮ ಆರೋಗ್ಯಕ್ಕಾಗಿ ರುದ್ರಾಭಿಷೇಕ ಮಾಡುತ್ತೇನೆ. ದಕ್ಷಿಣೆ ತರಬೇಡಿ. ಬಸ್ ಎಂಟೂವರೆಗೆ, ಅದಕ್ಕೆ ಮೊದಲೇ ಪ್ರಸಾದ ಮನೆಗೆ ಕಳಿಸುತ್ತೇನೆ. ಅದನ್ನು ನೀವೇ ತಿನ್ನಬೇಕು.

ಸೋಮವಾರ ಸಂಜೆಯೊಳಗೆ ಹೂಂ ಎಂದು ಒಂದು ಮಾತು ಕಳಿಸಿ. ಕಳಿಸದಿದ್ದರೆ ದೀಪಾರಾಧನೆ ಮುಗಿಸಿ ನಾನೇ ಮನೆಗೆ ಬರುತ್ತೇನೆ.

ಇತಿ ನಿಮ್ಮ
ಗಣಪತಿ ಭಟ್ಟ